7.50 ದೊಡ್ಡದೋ 7.40 ದೊಡ್ಡದೋ: ಎರಡು ಬಾಂಡ್, ಮೂರು ಲೆಕ್ಕ

ನಮ್ಮ ಸೋಮವಾರಪೇಟೆ ಕಡೆ ಕಾಫಿ ಬೆಳೆಯುವವರು ಪಾರ್ಚ್‌ಮೆಂಟ್ ರೇಟನ್ನೂ ಚೆರಿ ರೇಟನ್ನೂ ನೇರವಾಗಿ ಹೋಲಿಸುವುದಿಲ್ಲ. ಎರಡೂ 50 ಕೆಜಿ ಚೀಲದ ರೇಟೇ. ಆದರೆ ಒಂದೊಂದು ಚೀಲದಿಂದ ಬರುವ ಬೀಜದ ತೂಕ ಬೇರೆ. ಔಟ್‌ಟರ್ನ್ ನೋಡಿ, ಎರಡನ್ನೂ ಒಂದೇ ಅಳತೆಗೆ ತಂದ ಮೇಲೆಯೇ ಮಾತು. ಬಾಂಡ್ ಕೊಳ್ಳುವಾಗ ಮಾತ್ರ ಈ ಬುದ್ಧಿ ನಮಗೆ ಬರುವುದಿಲ್ಲ. ಯೀಲ್ಡ್ ಅಂದರೆ ಹಾಕಿದ ದುಡ್ಡಿನ ಮೇಲೆ ವರ್ಷಕ್ಕೆ ಬರುವ ಗಳಿಕೆಯ ದರ. ಹಾಗಂತ ಬರೆದಿದ್ದರೆ ಸಾಕು, ದೊಡ್ಡ ಸಂಖ್ಯೆಯ ಕಡೆ ಕೈ ಹೋಗುತ್ತದೆ.

ನಾನೂ ಅಣ್ಣನೂ ಕಾಫಿ ಮಾರಿದ ದುಡ್ಡಲ್ಲಿ 10 ಲಕ್ಷ ಎತ್ತಿಟ್ಟಿದ್ದೆವು. ನಮ್ಮ ಮುಂದೆ ಎರಡು ಬಾಂಡ್ ಇದ್ದವು. ಒಂದು ಸಾರ್ವಜನಿಕ ವಲಯದ ಕಂಪನಿಯದು. ವರ್ಷಕ್ಕೊಮ್ಮೆ ಬಡ್ಡಿ, ಯೀಲ್ಡ್ ಶೇ 7.50. ಇನ್ನೊಂದು ರಾಜ್ಯ ಸರ್ಕಾರದ ಸಾಲಪತ್ರ, ಎಲ್ಲರೂ ಎಸ್‌ಡಿಎಲ್ ಅನ್ನುವುದು. ಆರು ತಿಂಗಳಿಗೊಮ್ಮೆ ಬಡ್ಡಿ, ಯೀಲ್ಡ್ ಶೇ 7.40. ಲೆಕ್ಕ ಸುಲಭವಾಗಲಿ ಅಂತ ಎರಡೂ ಮುಖಬೆಲೆಗೇ ಸಿಗುತ್ತವೆ ಎಂದು ಇಟ್ಟುಕೊಳ್ಳಿ.

"ಇದರಲ್ಲಿ ಯೋಚನೆ ಏನು ಬಂತು ತಮ್ಮಾ? 7.50 ದೊಡ್ಡದಲ್ವಾ?" ಎಂದ ಅಣ್ಣ.

ದೊಡ್ಡದಲ್ಲ. ಆದರೆ ಅದನ್ನು ತೋರಿಸುವುದಕ್ಕೆ ನಾನು ಮೂರು ದಾರಿ ಹಿಡಿದು ನೋಡಿದೆ. ಅವುಗಳಲ್ಲಿ ಒಂದು ನನ್ನನ್ನೇ ತಪ್ಪು ದಾರಿಗೆ ಎಳೆದಿತ್ತು.

ಮೊದಲು ಈ ಎರಡು ಅಳತೆ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕೇಂದ್ರದ ಮತ್ತು ರಾಜ್ಯಗಳ ಸಾಲಪತ್ರಗಳು ಸಾಮಾನ್ಯವಾಗಿ ಅರ್ಧ ವರ್ಷಕ್ಕೊಮ್ಮೆ ಬಡ್ಡಿ ಕೊಡುತ್ತವೆ. ಅವುಗಳ ಯೀಲ್ಡ್ ಹೇಳುವ ರೀತಿಯೂ ಹಾಗೆಯೇ: ಆರು ತಿಂಗಳ ದರವನ್ನು ಸುಮ್ನೆ ಎರಡರಿಂದ ಗುಣಿಸಿದ ಸಂಖ್ಯೆ ಅದು. 7.40 ಎಂದರೆ ಆರು ತಿಂಗಳಿಗೆ 3.70. ಇದನ್ನೇ ಬಾಂಡ್ ಇಕ್ವಿವಲೆಂಟ್ ಯೀಲ್ಡ್, ಚಿಕ್ಕದಾಗಿ ಬಿಇವೈ ಅನ್ನುತ್ತಾರೆ. ಮೊದಲ ಆರು ತಿಂಗಳ ಬಡ್ಡಿಯ ಮೇಲೆ ಮುಂದಿನ ಆರು ತಿಂಗಳಲ್ಲಿ ಬರುವ ಬಡ್ಡಿ ಈ ಸಂಖ್ಯೆಯೊಳಗೆ ಸೇರಿಲ್ಲ. ವರ್ಷಕ್ಕೊಮ್ಮೆ ಕೊಡುವ ಬಾಂಡಿನ 7.50 ಪೂರ್ತಿ ವರ್ಷದ ದರ. ಅಲ್ಲಿ ಹೊರಗೆ ಉಳಿದದ್ದು ಏನೂ ಇಲ್ಲ. ಹೀಗಾಗಿ ಒಂದೇ ಗಳಿಕೆಯನ್ನು ಎರಡೂ ಅಳತೆಯಲ್ಲಿ ಬರೆದರೆ ಬಿಇವೈ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ. ಈ ಒಂದು ಮಾತು ನೆನಪಿದ್ದರೆ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಸೂತ್ರಗಳು ಎರಡೇ. Y ಎಂದರೆ ವಾರ್ಷಿಕ ಯೀಲ್ಡ್, B ಎಂದರೆ ಬಿಇವೈ. ಶೇಕಡಾವನ್ನು 100ರಿಂದ ಭಾಗಿಸಿ ಹಾಕಬೇಕು, 7.50 ಅಂದರೆ 0.075.

```
B = 2 × (√(1 + Y) − 1)
Y = (1 + B/2)² − 1
```

ಅಂಗಡಿ ಕ್ಯಾಲ್ಕುಲೇಟರ್

ಮೊದಲು ಹಿಡಿದದ್ದು ಕಾಫಿ ತೂಕದ ಲೆಕ್ಕಕ್ಕೆ ಇಟ್ಟಿರುವ ಕ್ಯಾಲ್ಕುಲೇಟರ್. ವರ್ಗಮೂಲದ ಗುಂಡಿ ಅದರಲ್ಲೂ ಇರುತ್ತದೆ. 1.075 ಒತ್ತಿ ವರ್ಗಮೂಲ ತೆಗೆದರೆ 1.0368221 ಬಂತು. ನಾನು ಕಾಗದದಲ್ಲಿ ಮೂರು ಸ್ಥಾನ ಸಾಕು ಅಂತ 1.037 ಎಂದು ಬರೆದುಕೊಂಡೆ. ಒಂದು ಕಳೆದೆ, ಎರಡರಿಂದ ಗುಣಿಸಿದೆ. ಸರಿಯಾಗಿ 7.40! ಎರಡು ಬಾಂಡೂ ಸಮ ಅಂತ ಅಣ್ಣನಿಗೆ ಹೇಳಿಯೂ ಬಿಟ್ಟೆ.

ರಾತ್ರಿ ಮತ್ತೆ ಕೂತು ಪೂರ್ತಿ ಸ್ಥಾನಗಳನ್ನು ಇಟ್ಟುಕೊಂಡು ಮಾಡಿದೆ. ಬಂದದ್ದು 7.3644. ಅಂದರೆ ಕಂಪನಿಯ 7.50 ಅನ್ನು ಅರ್ಧ ವರ್ಷದ ಅಳತೆಗೆ ತಂದರೆ 7.36. ಎಸ್‌ಡಿಎಲ್‌ನ 7.40 ಅದಕ್ಕಿಂತ ಮೇಲೆ. ನಡುವಿನ ಅಂತರ ಮೂರೂವರೆ ಬೇಸಿಸ್ ಪಾಯಿಂಟ್ ಅಷ್ಟೇ. ಒಂದು ಬೇಸಿಸ್ ಪಾಯಿಂಟ್ ಅಂದರೆ ಶೇ 0.01. ಆದರೆ ಅದನ್ನು ಪೂರ್ತಿ ನುಂಗಿದ್ದು ನಾನು ನಡುವೆ ಮಾಡಿದ ಒಂದು ರೌಂಡಿಂಗ್. ಇಲ್ಲಿ ಒಂದನ್ನು ಕಳೆದ ಮೇಲೆ ಉಳಿಯುವುದೇ ಪುಟ್ಟ ಸಂಖ್ಯೆ. ಅದನ್ನು ಮತ್ತೆ ಎರಡರಿಂದ ಗುಣಿಸುತ್ತೇವೆ. ಮೂಲದಲ್ಲಿದ್ದ ತಪ್ಪೂ ಎರಡರಷ್ಟಾಗುತ್ತದೆ. ಕ್ಯಾಲ್ಕುಲೇಟರಿನಲ್ಲಿ ಮಾಡುವುದಾದರೆ ನಡುವೆ ಏನನ್ನೂ ಬರೆದುಕೊಳ್ಳಬೇಡಿ. ಒಂದೇ ಉಸಿರಿಗೆ ಕೊನೆಯವರೆಗೆ ಒತ್ತಿ.

ತಾಳೆ ನೋಡುವುದೂ ಸುಲಭ. ಬಂದ ಉತ್ತರವನ್ನು ಎರಡನೇ ಸೂತ್ರಕ್ಕೆ ಹಾಕಿ ಹಿಂದಕ್ಕೆ ಬನ್ನಿ. 7.3644ರ ಅರ್ಧ 3.6822. 1.036822ನ್ನು ಅದರಿಂದಲೇ ಗುಣಿಸಿದರೆ 1.0750. ಹೊರಟ ಜಾಗಕ್ಕೇ ಬಂದೆವು. ನಾನು ಮೊದಲು ಬರೆದ 7.40ರಿಂದ ಹಿಂದಕ್ಕೆ ಬಂದಿದ್ದರೆ 7.54 ಸಿಗುತ್ತಿತ್ತು, ತಪ್ಪು ಆಗಲೇ ಗೊತ್ತಾಗುತ್ತಿತ್ತು.

ಬಾಯಿಲೆಕ್ಕ

ನನಗೆ ಹೆಚ್ಚು ಇಷ್ಟವಾದದ್ದು ಇದು. ಎರಡನೇ ಸೂತ್ರವನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

```
Y = B + B²/4
```

ಶೇಕಡಾ ಸಂಖ್ಯೆಯಲ್ಲೇ ಮಾಡುವುದಾದರೆ 7.4ನ್ನು 7.4ರಿಂದ ಗುಣಿಸಿ: 54.76. ನಾಲ್ಕರಿಂದ ಭಾಗಿಸಿ: 13.69. ಇದು ಬೇಸಿಸ್ ಪಾಯಿಂಟ್, ಅಂದರೆ 0.1369. ಅದನ್ನು 7.40ಕ್ಕೆ ಕೂಡಿಸಿದರೆ 7.5369. ಇದು ಅಂದಾಜಲ್ಲ, ಪಕ್ಕಾ ಉತ್ತರ. ವರ್ಗಮೂಲವೇ ಬೇಡ.

ತಿರುಗಿ ಹೋಗುವಾಗ ಮಾತ್ರ ಇದು ಪಕ್ಕಾ ಅಲ್ಲ. 7.50ರಿಂದ ಅದರದ್ದೇ ವರ್ಗದ ಕಾಲು ಭಾಗ ಕಳೆದರೆ 7.3594 ಬರುತ್ತದೆ. ನಿಜವಾದದ್ದು 7.3644. ಅರ್ಧ ಬೇಸಿಸ್ ಪಾಯಿಂಟ್ ತಪ್ಪು, ನಮ್ಮ ಕೆಲಸಕ್ಕೆ ಪರವಾಗಿಲ್ಲ. ಆದರೆ ಯೀಲ್ಡ್ ಏರಿದಂತೆ ತಪ್ಪೂ ಬೇಗ ಏರುತ್ತದೆ. 12ಕ್ಕೆ ಮಾಡಿದರೆ 11.64 ಬರುತ್ತದೆ, ಸರಿಯಾದ ಉತ್ತರ 11.66.

ಅದಕ್ಕೇ ನಾನು ಈಗ ಎರಡು ಬಾಂಡ್ ಹೋಲಿಸುವಾಗ ಅರ್ಧ ವರ್ಷದ್ದನ್ನೇ ವಾರ್ಷಿಕ ಅಳತೆಗೆ ಏರಿಸುತ್ತೇನೆ. ಪುಸ್ತಕದ ಲೆಕ್ಕಗಳಲ್ಲಿ ವಾರ್ಷಿಕವನ್ನು ಇಳಿಸುವುದೇ ಜಾಸ್ತಿ ಕಾಣುತ್ತದೆ. ಯಾವ ಕಡೆ ತಂದರೂ ಯಾವುದು ಮೇಲು ಅನ್ನುವ ಉತ್ತರ ಒಂದೇ. ಏರಿಸುವ ದಾರಿಯಲ್ಲಿ ಗುಣಾಕಾರ ಮಾತ್ರ ಇದೆ, ತಪ್ಪಲು ಜಾಗ ಕಮ್ಮಿ.

ಎಕ್ಸೆಲ್

ಎಕ್ಸೆಲ್‌ನಲ್ಲಿ ಇದಕ್ಕೆಂದೇ ಎರಡು ಫಂಕ್ಷನ್ ಇವೆ. ಕೊನೆಯ 2 ಅಂದರೆ ವರ್ಷಕ್ಕೆ ಎರಡು ಸಲ.

```
=NOMINAL(7.5%,2)   → 7.3644%
=EFFECT(7.4%,2)    → 7.5369%
```

ತುಂಬ ಬಾಂಡ್ ಇದ್ದರೆ ಇದಕ್ಕಿಂತ ವೇಗ ಯಾವುದೂ ಇಲ್ಲ. ಅಪಾಯ ಅಂದರೆ ಯಾವ ಸಂಖ್ಯೆಯನ್ನು ಯಾವುದಕ್ಕೆ ಹಾಕುತ್ತೀರಿ ಅನ್ನುವುದು. ವಾರ್ಷಿಕದ 7.50ನ್ನು `EFFECT`ಗೆ ಹಾಕಿದರೆ ಅದು ತಕರಾರಿಲ್ಲದೆ 7.64 ಕೊಡುತ್ತದೆ. ಆಗ ಕಂಪನಿಯ ಬಾಂಡ್ 24 ಪಾಯಿಂಟ್ ಮುಂದಿದೆ ಅನ್ನಿಸುತ್ತದೆ. ಬಿಇವೈ ಚಿಕ್ಕದಿರಬೇಕು ಅಂತ ಮೊದಲೇ ಹೇಳಿದೆನಲ್ಲ, ಇಲ್ಲಿ ಹಿಡಿಯುವುದು ಅದರಿಂದಲೇ.

`YIELD` ಫಂಕ್ಷನ್ ವಿಷಯದಲ್ಲಿ ನಾನು ಒಂದು ಇಡೀ ಸಂಜೆ ಕಳೆದೆ. ಅದರಲ್ಲಿ ವರ್ಷಕ್ಕೆ ಎಷ್ಟು ಸಲ ಬಡ್ಡಿ ಅನ್ನುವ ಜಾಗ ಇದೆ. ಅಲ್ಲಿ 2 ತೆಗೆದು 1 ಹಾಕಿದರೆ ವಾರ್ಷಿಕ ಯೀಲ್ಡ್ ಬರುತ್ತದೆ ಎಂದುಕೊಂಡಿದ್ದೆ. ಮುಖಬೆಲೆಯ ಎಸ್‌ಡಿಎಲ್‌ಗೆ 2 ಹಾಕಿದರೂ 7.40, 1 ಹಾಕಿದರೂ 7.40. ಕಾರಣ ಆಮೇಲೆ ಹೊಳೆಯಿತು. 1 ಹಾಕಿದಾಗ ಅಳತೆ ಬದಲಾಗುವುದಿಲ್ಲ, ಬಾಂಡೇ ಬದಲಾಗುತ್ತದೆ. ವರ್ಷಕ್ಕೊಮ್ಮೆ 7.40 ಕೊಡುವ ಬೇರೆ ಬಾಂಡಿನ ಲೆಕ್ಕ ಅದು. ಬಾಂಡ್ ಹೇಗೆ ಬಡ್ಡಿ ಕೊಡುತ್ತದೋ ಹಾಗೇ ಹಾಕಿ, ಬಂದ ಯೀಲ್ಡನ್ನು ಆಮೇಲೆ `EFFECT`ಗೆ ಕೊಡಬೇಕು.

`XIRR` ಇದಕ್ಕೆ ಉಲ್ಟಾ. ಅದು ಯಾವಾಗಲೂ ವಾರ್ಷಿಕ ಅಳತೆಯಲ್ಲೇ ಉತ್ತರ ಕೊಡುತ್ತದೆ. ಅದೇ ಎಸ್‌ಡಿಎಲ್‌ನ ತಾರೀಕು, ಮೊತ್ತ ಹಾಕಿದರೆ 7.54ರ ಆಸುಪಾಸು ಬರುತ್ತದೆ. ಹೀಗೆ ಒಂದೇ ಬಾಂಡ್ ಒಂದು ಕಡೆ 7.40, ಇನ್ನೊಂದು ಕಡೆ 7.54 ಎಂದು ಕಂಡರೆ ಗಾಬರಿ ಬೇಡ. 7.54ನ್ನು ಮತ್ತೊಮ್ಮೆ ಏರಿಸಿ 7.68 ಮಾಡದಿದ್ದರೆ ಸಾಕು.

ಕೈಗೆ ಬರುವ ದುಡ್ಡು

ಅಣ್ಣನಿಗೆ ಇಷ್ಟೆಲ್ಲ ಹೇಳಿದಾಗ ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. "ಕಂಪನಿ 75,000 ಕೊಡುತ್ತೆ. ಸರ್ಕಾರ ಎರಡು ಸಲ 37,000, ಒಟ್ಟು 74,000. ಸಾವಿರ ಕಮ್ಮಿ ಕೊಡೋದು ಹೇಗಪ್ಪಾ ಜಾಸ್ತಿ ಆಗುತ್ತೆ?"

ಆ ಸಾವಿರ ತುಂಬುವುದು ಮೊದಲ 37,000. ಅದು ಉಳಿದ ಆರು ತಿಂಗಳು 3.70ರ ದರದಲ್ಲೇ ದುಡಿದರೆ 1,369 ರೂಪಾಯಿ ಬರುತ್ತದೆ. ಒಟ್ಟು 75,369. ಮೇಲಿನ 7.5369 ಇದೇ. ಆದರೆ ಸೂತ್ರ ಇದನ್ನು ಹೇಳದೆಯೇ ನಂಬಿಕೊಂಡಿದೆ. ಆ ದುಡ್ಡನ್ನು ನಾವು ಶೇ 2.5 ಕೊಡುವ ಉಳಿತಾಯ ಖಾತೆಯಲ್ಲಿ ಬಿಟ್ಟರೆ ಬರುವುದು 462 ರೂಪಾಯಿ. ಒಟ್ಟು 74,462. ಆಗ ಅಣ್ಣನ 7.50ಯೇ ಗೆಲ್ಲುತ್ತದೆ.

ಗಡಿ ಎಲ್ಲಿ ಅಂತ ನೋಡಿದೆ. 37,000 ಆರು ತಿಂಗಳಲ್ಲಿ 1,000 ದುಡಿಯಬೇಕು. ಅಂದರೆ ಅರ್ಧ ವರ್ಷಕ್ಕೆ 2.70, ವರ್ಷದ ಲೆಕ್ಕದಲ್ಲಿ ಸುಮಾರು ಶೇ 5.4. ಅದಕ್ಕಿಂತ ಕಮ್ಮಿ ಸಿಗುವ ಕಡೆ ಇಡುವವರಿಗೆ ವಾರ್ಷಿಕ ಬಾಂಡೇ ಒಳ್ಳೆಯದು.

ನಮ್ಮ ಮನೆಯಲ್ಲಿ ಆ 37,000 ಬರುವುದು ಫೆಬ್ರವರಿಯಲ್ಲಿ. ರೋಬಸ್ಟಾ ಕೊಯ್ಲಿನ ಕೂಲಿ ಕೊಡಬೇಕು. ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಅದಕ್ಕೆ ಡೀಸೆಲ್ ಬೇಕು. ಅದೇ ಹೊತ್ತಿಗೆ ಅಣ್ಣ ಪ್ರತಿ ವರ್ಷ ಶೇ 9ರಲ್ಲಿ ಸ್ವಲ್ಪ ಸಾಲ ತೆಗೆಯುತ್ತಾನೆ. 37,000ದಷ್ಟು ಸಾಲ ಆರು ತಿಂಗಳು ಕಮ್ಮಿಯಾದರೆ ಉಳಿಯುವ ಬಡ್ಡಿ 1,665. ಅವನ ಪಾಲಿಗೆ ವರ್ಷದ ಒಟ್ಟು 75,665 ಆಯಿತು. ಎಸ್‌ಡಿಎಲ್ ತೆಗೆದುಕೊಂಡೆವು.