ಫೀಸೂ ಕೊಟ್ಟೆವು, ಕಮಿಷನ್ನೂ ಹೋಯಿತು

ಅಪ್ಪ ಹೋದ ವರ್ಷ ರಿಟೈರ್ ಆದರು. ಬಂದ ದುಡ್ಡನ್ನು ಎಲ್ಲಿ ಇಡಬೇಕು ಅಂತ ಕೇಳೋಕೆ, ರಾಜಾಜಿನಗರದ ಪಾರ್ಕಿನಲ್ಲಿ ಅವರ ಜೊತೆ ವಾಕ್ ಮಾಡುವವರೊಬ್ಬರು ಹೇಳಿದ ಪ್ಲಾನರ್ ಹತ್ತಿರ ಹೋದೆವು. "ನಾನು ಬರೀ ಫೀಸ್ ತಗೊಳ್ಳೋದು ಸಾರ್, ಏನನ್ನೂ ಮಾರಲ್ಲ" ಅಂದರು. ಅದೇ ಮಾತಿಗೆ ನಂಬಿ 15,000 ರೂಪಾಯಿ ಕೊಟ್ಟೆವು.

ಅವರ ಪ್ಲಾನಿನಲ್ಲಿ ಇದ್ದದ್ದು ಎರಡೇ. 25 ಲಕ್ಷ ಮ್ಯೂಚುವಲ್ ಫಂಡಿಗೆ. ಜೊತೆಗೆ ವರ್ಷಕ್ಕೆ 2 ಲಕ್ಷ ಕಟ್ಟುವ ಎಂಡೋಮೆಂಟ್ ಪಾಲಿಸಿ. ಅಪ್ಪನ ಸಂಪಾದನೆ ನಂಬಿಕೊಂಡವರು ಮನೆಯಲ್ಲಿ ಈಗ ಯಾರೂ ಇಲ್ಲ. ಇನ್ಶೂರೆನ್ಸ್ ಯಾಕೆ ಬೇಕಿತ್ತು ಅಂತ ನಾನು ಆಗಲೇ ಕೇಳಬೇಕಿತ್ತು.

ನಾಲ್ಕು ತಿಂಗಳ ಮೇಲೆ ಫಂಡುಗಳ ಸ್ಟೇಟ್‌ಮೆಂಟ್ ಸರಿಯಾಗಿ ಓದಿದೆ. ಪ್ರತಿ ಫಂಡಿನ ಹೆಸರಿನಲ್ಲೂ Regular ಅಂತಿತ್ತು, ಪಕ್ಕದಲ್ಲಿ ARN ಅಂತ ಒಂದು ನಂಬರ್. ARN ಅಂದರೆ ಫಂಡ್ ಮಾರುವ ಡಿಸ್ಟ್ರಿಬ್ಯೂಟರ್ ನಂಬರ್. ರೆಗ್ಯುಲರ್ ಪ್ಲಾನಿನಲ್ಲಿ ಅವರ ಕಮಿಷನ್ ನಮ್ಮ ಫಂಡಿನಿಂದಲೇ ಹೋಗುತ್ತದೆ. ಅದಕ್ಕೆ ಬಿಲ್ ಬರುವುದಿಲ್ಲ, ಹಾಗಾಗಿ ಸುಲಭವಾಗಿ ಗೊತ್ತಾಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಇಲ್ಲದೆ ನೇರವಾಗಿ ಕೊಳ್ಳುವುದು ಡೈರೆಕ್ಟ್ ಪ್ಲಾನ್. ನಮ್ಮ ಫಂಡುಗಳ ಡೈರೆಕ್ಟ್ ಪ್ಲಾನಿಗೂ ಇದಕ್ಕೂ ಖರ್ಚಿನಲ್ಲಿ ಹತ್ತಿರ ಹತ್ತಿರ 1% ವ್ಯತ್ಯಾಸ. 25 ಲಕ್ಷಕ್ಕೆ ವರ್ಷಕ್ಕೆ 25,000, ದುಡ್ಡು ಅಲ್ಲಿರುವವರೆಗೂ ಪ್ರತಿ ವರ್ಷ.

ಫೋನ್ ಮಾಡಿ ಕೇಳಿದರೆ, "ಅದು ನನ್ನ ಮಿಸೆಸ್ ಹೆಸರಿನ ARN" ಅಂದರು. ಡಿಸ್ಟ್ರಿಬ್ಯೂಟರ್ ಆಗಿರುವುದು ತಪ್ಪಲ್ಲ, ಹಾಗಂತ ಹೇಳಿಕೊಂಡು ದುಡಿಯುವವರು ಎಷ್ಟೋ ಜನ ಇದ್ದಾರೆ. ನನಗೆ ನೋವಾದದ್ದು ಮಾರಲ್ಲ ಅಂತ ಹೇಳಿ ಮಾರಿದ್ದಕ್ಕೆ.

ಹೂಡಿಕೆ ಸಲಹೆಗೆ ಫೀಸ್ ತೆಗೆದುಕೊಳ್ಳುವವರು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿರಬೇಕು. ಅವರ ನಂಬರ್ INA ಅಂತ ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ನೀವೇ ಹುಡುಕಿ. ಇವರ ಹೆಸರು ಅಲ್ಲಿ ಇರಲೇ ಇಲ್ಲ. ಆಮೇಲೆ ಈ ಪ್ರಶ್ನೆ ಕೇಳಿ: "ನಾನು ಏನು ಕೊಂಡರೂ ಅದರಿಂದ ನಿಮಗೆ, ನಿಮ್ಮ ಮನೆಯವರಿಗೆ, ನಿಮ್ಮ ಕಂಪನಿಗೆ ದುಡ್ಡು ಬರುತ್ತಾ?" ಬರಲ್ಲ ಅನ್ನುವ ಉತ್ತರ ಅಗ್ರಿಮೆಂಟಿನಲ್ಲಿ ಬರೆದಿರಬೇಕು. ಫೀಸ್ ಕೊಡುವುದು ಅದಕ್ಕೆ ಸಹಿ ಬಿದ್ದ ಮೇಲೆ.

ಈಗ INA ಇರುವ ಒಬ್ಬರನ್ನು ಹುಡುಕಿದ್ದೇವೆ. ಅವರು ಮೊದಲು ಕೇಳಿದ್ದು ಅಪ್ಪ ಅಮ್ಮನ ತಿಂಗಳ ಖರ್ಚು. ಮೊದಲು ಹೇಳಿದ್ದು ಪೋಸ್ಟ್ ಆಫೀಸಿನಲ್ಲೂ ಬ್ಯಾಂಕಿನಲ್ಲೂ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಒಬ್ಬರು 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಇದಕ್ಕೆ ಏಜೆಂಟ್ ಕಮಿಷನ್ ಇಲ್ಲ. ಹಳೇ ಪ್ಲಾನಿನಲ್ಲಿ ಇದರ ಹೆಸರೂ ಇರಲಿಲ್ಲ, ಈಗ ಯಾಕೆ ಅಂತ ಅರ್ಥ ಆಯ್ತು.

ಪಾಲಿಸಿಯನ್ನು ವಾಪಸ್ ಮಾಡೋಕೆ ಪತ್ರ ಕೈಸೇರಿದ ಮೇಲೆ 30 ದಿನ ಅವಕಾಶ ಇತ್ತು. ಅದು ಮುಗಿದುಹೋಗಿತ್ತು. ಫಂಡುಗಳನ್ನು ಡೈರೆಕ್ಟಿಗೆ ಬದಲಿಸಿದರೂ ಮಾರಿದ ಲೆಕ್ಕವೇ, ಬೇಗ ಮಾರಿದರೆ ಫಂಡಿನವರು ಹಿಡಿಯುವ ಎಕ್ಸಿಟ್ ಲೋಡು, ಲಾಭದ ಮೇಲಿನ ಟ್ಯಾಕ್ಸು ಎರಡೂ ಬೀಳುತ್ತವೆ. ಅದಕ್ಕೆ ವರ್ಷ ತುಂಬಲಿ ಅಂತ ಕಾಯುತ್ತಿದ್ದೇವೆ.