ಬರ್ತ್ ಸಿಗುತ್ತೆ, ಚೇರು ಬಾಗಿಲಲ್ಲೇ ನಿಲ್ಲುತ್ತೆ

ಆರು ವರ್ಷದಿಂದ ವ್ಹೀಲ್‌ಚೇರಿನಲ್ಲೇ ಓಡಾಟ. ವರ್ಷಕ್ಕೆ ನಾಲ್ಕೈದು ಸಲ ಬೆಂಗಳೂರಿನಿಂದ ಹುಬ್ಬಳ್ಳಿಗೆ, ರಾತ್ರಿ ರೈಲಿನಲ್ಲಿ, ತಮ್ಮನ ಜೊತೆ ಹೋಗುತ್ತೇನೆ.

ಟಿಕೆಟ್ ವಿಷಯದಲ್ಲಿ ನನ್ನ ತಕರಾರಿಲ್ಲ. ರೈಲ್ವೆಯ ದಿವ್ಯಾಂಗ ಕಾರ್ಡ್ ಮಾಡಿಸಿಕೊಂಡ ಮೇಲೆ ಮನೆಯಲ್ಲೇ ಕೂತು ಬುಕ್ ಮಾಡುತ್ತೇನೆ. ಸ್ಲೀಪರ್‌ನಲ್ಲಿ ನನಗೂ, ಜೊತೆಗೆ ಬರುವ ತಮ್ಮನಿಗೂ 75 ಪರ್ಸೆಂಟ್ ಕಡಿಮೆ. ಕೋಟಾದಲ್ಲಿ ಸಿಕ್ಕರೆ ನನಗೆ ಲೋಯರ್, ಅವನಿಗೆ ಮಿಡಲ್. ಒರಿಜಿನಲ್ ಕಾರ್ಡ್ ಮಾತ್ರ ಮರೀಬಾರದು, ಟಿಟಿಇ ಕೇಳುತ್ತಾರೆ.

ಕಷ್ಟ ಶುರುವಾಗೋದು ಪ್ಲಾಟ್‌ಫಾರ್ಮಿನಲ್ಲಿ. ಪ್ಲಾಟ್‌ಫಾರ್ಮಿಗಿಂತ ಬೋಗಿಯ ನೆಲ ಮೊಣಕಾಲೆತ್ತರ ಮೇಲಿರುತ್ತೆ, ನಡುವೆ ಸಂದು ಬೇರೆ. ನನ್ನ ಚೇರು 25 ಇಂಚು ಅಗಲ. ಹೇಗೋ ಬಾಗಿಲು ದಾಟಿಸಿದರೂ ಒಳಗಿನ ಓಣಿಯಲ್ಲಿ ಹಿಡಿಸಲ್ಲ. ಬರ್ತ್ ಕೊಡುವ ಕೋಟಾ ಅಲ್ಲಿಗೆ ತಲುಪುವ ದಾರಿ ಕೊಡಲ್ಲ, ಅಲ್ವಾ? ರೈಲಿನ ತುದಿಯಲ್ಲಿ ದೊಡ್ಡ ಬಾಗಿಲಿನ ದಿವ್ಯಾಂಗರ ಬೋಗಿ ಇರುತ್ತೆ. ಆದರೆ ಅದರಲ್ಲಿ ರಿಸರ್ವೇಶನ್ ಇಲ್ಲ. ರಾತ್ರಿ ಹೊತ್ತು ಅದರಲ್ಲಿ ಯಾರ್ಯಾರೋ ಮಲಗಿರುತ್ತಾರೆ.

ಹೋದ ವರ್ಷ ಇಲ್ಲಿನ ಒಂದು ನಿಲ್ದಾಣದಲ್ಲಿ ಚೇರಿಗೂ ಸಹಾಯಕ್ಕೂ ಮೊದಲೇ ಹೇಳಿಟ್ಟಿದ್ದೆ. ರೈಲು ಬರಲು ಹತ್ತು ನಿಮಿಷ ಇರುವಾಗ ಪ್ಲಾಟ್‌ಫಾರ್ಮ್ ಬದಲಾಯಿತು. ಲಿಫ್ಟ್ ಮುಂದೆ ಟ್ರಾಲಿಗಳ ಸಾಲು, ಸಹಾಯಕ್ಕೆ ಬರಬೇಕಾದವರ ಸುಳಿವಿಲ್ಲ. ನಾನು ತಮ್ಮನ ಮೇಲೆ ರೇಗಿದೆ, ಪಾಪ, ಅವನದೇನೂ ತಪ್ಪಿರಲಿಲ್ಲ.

ಆಗ ಕೆಂಪು ಅಂಗಿಯ ಪೋರ್ಟರ್ ಒಬ್ಬರು ತಾವಾಗಿಯೇ ಬಂದರು. 'ಅಕ್ಕಾ, ಮುಂದೆ ಮುಖ ಮಾಡಿ ಹತ್ತಿಸಬಾರದು' ಎಂದರು. ಚೇರನ್ನು ತಿರುಗಿಸಿ ಬೆನ್ನು ಬೋಗಿಯ ಕಡೆ ಮಾಡಿದರು. ಫುಟ್‌ರೆಸ್ಟ್ ಕಳಚಿ ತಮ್ಮನ ಕೈಗೆ ಕೊಟ್ಟರು. ಮೊದಲು ದೊಡ್ಡ ಚಕ್ರ ಮೇಲೆ, ಆಮೇಲೆ ಚಿಕ್ಕದು. ಅವರು ಮೇಲಿಂದ ಎಳೆದರು, ತಮ್ಮ ಕೆಳಗಿಂದ ಎತ್ತಿದ. ಬಾಗಿಲ ಒಳಗೆ ನನ್ನನ್ನು ಎತ್ತಿಕೊಂಡು ಬರ್ತಿಗೆ ತಂದು ಕೂರಿಸಿದರು. ಮಡಚಿದ ಚೇರು ಬರ್ತ್ ಕೆಳಗೆ. ಅವತ್ತಿನಿಂದ ನಾವು ಹೀಗೇ ಹತ್ತೋದು. ಮೊದಲೇ ದರ ಮಾತಾಡಿ ಒಬ್ಬ ಪೋರ್ಟರನ್ನು ಗೊತ್ತು ಮಾಡಿಕೊಳ್ಳುತ್ತೇವೆ. ಡಿಸ್ಕೌಂಟಿನಲ್ಲಿ ಉಳಿದದ್ದು ಅಲ್ಲಿಗೇ ಹೋಗುತ್ತೆ, ಹೋಗಲಿ. ರೈಲು ಬರುವ ಮೊದಲೇ ಕೋಚ್ ನಂಬರ್ ಬರುವ ಜಾಗದಲ್ಲಿ ನಿಂತಿರಬೇಕು. ನಿಲುಗಡೆ ಎರಡು ನಿಮಿಷದ ಸ್ಟೇಷನ್‌ಗಳಲ್ಲಿ ಈ ಕೆಲಸ ಆಗಲ್ಲ, ಅದಕ್ಕೇ ನಾನು ರೈಲು ಹೊರಡುವ ಸ್ಟೇಷನ್ನಿನಿಂದಲೇ ಹತ್ತೋದು.

ಟಾಯ್ಲೆಟ್ ಬಾಗಿಲಿಗೂ ಚೇರು ಹಿಡಿಸಲ್ಲ. ಅದಕ್ಕೆ ಹೊರಡುವ ದಿನ ಮಧ್ಯಾಹ್ನ ಮೂರರ ನಂತರ ನಾನು ನೀರು ಕುಡಿಯಲ್ಲ. ಇದು ಒಳ್ಳೆಯದಲ್ಲ ಅಂತ ನನಗೂ ಗೊತ್ತು.

ಟಿಕೆಟ್‌ಗೆ ಐದು ಸ್ಟಾರ್, ಹತ್ತೋದಕ್ಕೆ ಎರಡು. ಆ ಪೋರ್ಟರಣ್ಣನಿಗೆ ಎಷ್ಟು ಕೊಟ್ಟರೂ ಸಾಲದು. ಬೆಳಗ್ಗೆ ಇಳಿದ ಕೂಡಲೇ ತಮ್ಮ ಚಹಾ ಅಂತಾನೆ. ನಾನು ಮೊದಲು ಅಗಲ ಬಾಗಿಲಿನ ಟಾಯ್ಲೆಟ್ ಎಲ್ಲಿದೆ ನೋಡು ಅಂತೀನಿ.