ಸೀಸನಾಲಿಟಿ ಆ್ಯಪ್, ಸ್ವಂತ ಶೀಟ್, ತಿಂಗಳ ಕೊನೆಯ ಟ್ರೇಡ್: ಮೂರೂ ನೋಡಿದ ಮೇಲೆ ನನಗೆ ಉಳಿದದ್ದು ಶೀಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ವಂತ ಸ್ಪ್ರೆಡ್‌ಶೀಟ್‌ಗೆ. ವರ್ಷದ ಚಂದಾ ಕಟ್ಟಿ ತಗೊಂಡಿದ್ದ, ಷೇರು ಮಾರ್ಕೆಟ್ ಯಾವ ತಿಂಗಳು ಏರಿದೆ ಇಳಿದಿದೆ ಅಂತ ತೋರಿಸುವ ಚಾರ್ಟ್ ಆ್ಯಪ್‌ಗೆ ಮತ್ತೆ ದುಡ್ಡು ಕಟ್ಟಲಿಲ್ಲ. ತಿಂಗಳ ಕೊನೆಗೆ ಕೊಂಡು ಮುಂದಿನ ತಿಂಗಳ ಶುರುವಿನಲ್ಲಿ ಮಾರುವ ರೂಲ್ ಅನ್ನೂ ಸಣ್ಣ ಮೊತ್ತದಲ್ಲಿ ನೋಡಿ ಬಿಟ್ಟಿದ್ದೇನೆ. ಯಾಕೆ ಅಂತ ಕೇಳುವವರು ಆಫೀಸಿನಲ್ಲೂ ಜಾಸ್ತಿ, ಮನೆ ಹತ್ತಿರವೂ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಇದ್ದೇನೆ. ಮಾರ್ಕೆಟ್ ನಡೆಯುವ ಹೊತ್ತಿನಲ್ಲಿ ನನ್ನ ಕಣ್ಣು ಬಿಲ್ಲುಗಳ ಮೇಲೆ ಇರಬೇಕು. ಹೀಗಿರುವಾಗ ಕ್ಯಾಲೆಂಡರ್ ನೋಡಿ ಮಾಡುವ ಟ್ರೇಡ್ ಅಂದರೆ ಆಸೆ ಆಗುವುದು ಸಹಜ. ನಿಫ್ಟಿ ಯಾವ ತಿಂಗಳು ಏರುತ್ತದೆ, ಯಾವ ತಿಂಗಳು ಇಳಿಯುತ್ತದೆ ಅಂತ ಒಂದು ಚಾರ್ಟ್ ಹೇಳಿಬಿಟ್ಟರೆ ಸಾಕಲ್ವಾ?

ಆ್ಯಪ್ ನೋಡೋಕೆ ಚೆಂದ. ಮೆಟ್ರೋದಲ್ಲಿ ನಿಂತುಕೊಂಡೇ ಎಲ್ಲ ಇಂಡೆಕ್ಸ್‌ಗಳನ್ನೂ ತಿರುವಿ ಹಾಕಬಹುದು. ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ, ಏರಿದ್ದಕ್ಕೆ ಹಸಿರು, ಇಳಿದದ್ದಕ್ಕೆ ಕೆಂಪು. ಈ ವಿಷಯದಲ್ಲಿ ಶೀಟ್ ಅದರ ಹತ್ತಿರಕ್ಕೂ ಬರುವುದಿಲ್ಲ.

ತೊಂದರೆ ಇರುವುದು ಆ ಕಂಬದಲ್ಲೇ. ಒಂದು ಕಂಬ ಒತ್ತಿದರೆ ಎರಡೇ ಸಂಖ್ಯೆ ಬರುತ್ತವೆ: ಸರಾಸರಿ ಲಾಭ, ಮತ್ತೆ ನೂರರಲ್ಲಿ ಎಷ್ಟು ಸಲ ಏರಿದೆ ಅನ್ನುವುದು. ಯಾವ ವರ್ಷ ಎಷ್ಟು ಅಂತ ಬಿಡಿಸಿ ತೋರಿಸುವುದಿಲ್ಲ. ನನಗೆ ಇದು ಗೊತ್ತಾದದ್ದು ಮೇ ತಿಂಗಳಲ್ಲಿ. 2005ರಿಂದ 2024ರವರೆಗಿನ ಮೇ ಕಂಬ ಚೆನ್ನಾಗಿಯೇ ಹಸಿರಾಗಿ ನಿಂತಿತ್ತು, ಒಂದೂವರೆ ಪರ್ಸೆಂಟ್‌ಗಿಂತ ಮೇಲೆ. ಶುರುವಿನ ವರ್ಷವನ್ನೂ ಮುಗಿಯುವ ವರ್ಷವನ್ನೂ ಒಂದೊಂದು ಹಿಂದಕ್ಕೆ ತಳ್ಳಿ 2004ರಿಂದ 2023 ಅಂತ ಮಾಡಿದೆ. ಈಗಲೂ ಇಪ್ಪತ್ತೇ ವರ್ಷ, ಆದರೆ ಕಂಬ ಅರ್ಧಕ್ಕೆ ಇಳಿಯಿತು. ಒಂದು ವರ್ಷ ಸರಿಸಿದ್ದಕ್ಕೆ ಇಷ್ಟು ಬದಲಾಗುವ ಸಂಖ್ಯೆಯನ್ನು ನಂಬಿ ದುಡ್ಡು ಹಾಕುವುದು ಹೇಗೆ?

ಕಾರಣ ಶೀಟ್‌ನಲ್ಲಿ ಒಂದೇ ನೋಟಕ್ಕೆ ಕಾಣಿಸಿತು. 2004ರ ಮೇ ತಿಂಗಳಲ್ಲಿ ನಿಫ್ಟಿ ಸುಮಾರು 17 ಪರ್ಸೆಂಟ್ ಬಿದ್ದಿತ್ತು. 2009ರ ಮೇ ತಿಂಗಳಲ್ಲಿ ಸುಮಾರು 28 ಪರ್ಸೆಂಟ್ ಏರಿತ್ತು. ಎರಡೂ ಲೋಕಸಭಾ ಚುನಾವಣೆಯ ವರ್ಷಗಳು, ಎರಡರಲ್ಲೂ ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ. 2009ರ ಮೇ 18, ಸೋಮವಾರ, ನಿಫ್ಟಿ ಒಂದೇ ದಿನ 17 ಪರ್ಸೆಂಟ್‌ಗಿಂತ ಜಾಸ್ತಿ ಏರಿ ಅಪ್ಪರ್ ಸರ್ಕ್ಯೂಟ್ ಬಿದ್ದು ವ್ಯವಹಾರ ನಿಂತುಹೋಗಿತ್ತು. ಇಪ್ಪತ್ತು ವರ್ಷದ ಸರಾಸರಿಯಲ್ಲಿ ಆ ಒಂದು ಮೇ ತಿಂಗಳೇ 1.4 ಪರ್ಸೆಂಟ್ ಹೊತ್ತು ನಿಂತಿದೆ. ಅದನ್ನು ತೆಗೆದರೆ 2005ರಿಂದ 2024ರ ಸರಾಸರಿ ಅರ್ಧ ಪರ್ಸೆಂಟ್‌ಗಿಂತ ಕೆಳಗೆ ಬರುತ್ತದೆ.

ಅಂದರೆ ಆ ಕಂಬ ತೋರಿಸುತ್ತಿದ್ದದ್ದು ಮೇ ತಿಂಗಳ ಗುಣವನ್ನಲ್ಲ, ಚುನಾವಣೆಯನ್ನು. 2024ರಲ್ಲಿ ಫಲಿತಾಂಶ ಜೂನ್ 4ಕ್ಕೆ ಹೋಯಿತು. ಆ ದಿನ ನಿಫ್ಟಿ ಸುಮಾರು 6 ಪರ್ಸೆಂಟ್ ಬಿತ್ತು. ಆ ಏರುಪೇರು ಮೇ ಲೆಕ್ಕಕ್ಕೆ ಬರಲೇ ಇಲ್ಲ, ಜೂನ್ ಕಂಬಕ್ಕೆ ಹೋಗಿ ಸೇರಿತು.

ಶೀಟ್ ಮಾಡುವುದು ಕಷ್ಟವಲ್ಲ. ನಿಫ್ಟಿಯ ಹಳೆಯ ಕ್ಲೋಸಿಂಗ್ ಅಂಕಿಗಳು niftyindices.com ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಕಾಲಂನಲ್ಲಿ ತಿಂಗಳ ಕೊನೆಯ ದಿನಾಂಕ, ಪಕ್ಕದಲ್ಲಿ ತಿಂಗಳ ಸಂಖ್ಯೆ, ಅದರ ಪಕ್ಕದಲ್ಲಿ ಹಿಂದಿನ ತಿಂಗಳಿಗಿಂತ ಎಷ್ಟು ಪರ್ಸೆಂಟ್ ಬದಲಾಗಿದೆ ಅನ್ನುವುದು. ಆಮೇಲೆ ಸರಾಸರಿಯ ಜೊತೆಗೆ ನಡುವಿನ ಸಂಖ್ಯೆಯನ್ನೂ ತೆಗೆಯಬೇಕು. ಗೂಗಲ್ ಶೀಟ್ಸ್‌ನಲ್ಲಿ ಮೇ ತಿಂಗಳಿಗೆ ಹೀಗೆ:

```
=AVERAGEIFS(C2:C300,B2:B300,5)
=MEDIAN(FILTER(C2:C300,B2:B300=5))
```

ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ಯಾವುದೋ ಒಂದೆರಡು ವರ್ಷ ಇಡೀ ಕಂಬವನ್ನು ಎಳೆಯುತ್ತಿದೆ ಅಂತ ಅರ್ಥ. ಆಗ ಆ ವರ್ಷ ಏನಾಯಿತು ಅಂತ ಹುಡುಕಬೇಕು.

ಇನ್ನು ಆ "ಎಷ್ಟು ಸಲ ಏರಿದೆ" ಅನ್ನುವ ಸಂಖ್ಯೆ. ನಮ್ಮ ಪಕ್ಕದ ಮನೆಯ ಮೇಷ್ಟ್ರು, ಈಗ ರಿಟೈರ್ ಆಗಿದ್ದಾರೆ, ಒಂದು ದಿನ ಫೋನ್ ಹಿಡಿದುಕೊಂಡು ಬಂದರು. "ನೋಡಪ್ಪಾ, ಈ ತಿಂಗಳು ಇಪ್ಪತ್ತು ವರ್ಷದಲ್ಲಿ ಹದಿನಾಲ್ಕು ಸಲ ಏರಿದೆ. ನೂರಕ್ಕೆ ಎಪ್ಪತ್ತು! ಹಾಕ್ಬಿಡ್ಲಾ?" ಅಂದರು. ಅವರಿಗೆ ಕೂತು ಲೆಕ್ಕ ಬಿಡಿಸಿ ತೋರಿಸಿದೆ.

ಇಂಡೆಕ್ಸ್ ದೀರ್ಘಕಾಲದಲ್ಲಿ ಏರುತ್ತಲೇ ಬಂದಿದೆ. ಹಾಗಾಗಿ ಯಾವ ತಿಂಗಳು ತಗೊಂಡರೂ ಏರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಲೆಕ್ಕಕ್ಕೆ 60 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ. ಆಗ ಏನೂ ವಿಶೇಷ ಇಲ್ಲದ ತಿಂಗಳು ಕೂಡ ಇಪ್ಪತ್ತರಲ್ಲಿ ಹನ್ನೆರಡು ಸಲ ಏರಬೇಕು. ಮೇಷ್ಟ್ರು ತೋರಿಸಿದ ಹದಿನಾಲ್ಕು ಅದಕ್ಕಿಂತ ಎರಡೇ ಜಾಸ್ತಿ. ಸುಮ್ನೆ ಅದೃಷ್ಟದಿಂದ ಹದಿನಾಲ್ಕೋ ಅದಕ್ಕಿಂತ ಜಾಸ್ತಿಯೋ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದಕ್ಕಿಂತ ಮುಖ್ಯವಾದದ್ದು, ಮೇಷ್ಟ್ರು ಒಂದು ತಿಂಗಳನ್ನು ಮೊದಲೇ ಆರಿಸಿಕೊಂಡು ನೋಡಲಿಲ್ಲ. ಹನ್ನೆರಡೂ ನೋಡಿ ಅದರಲ್ಲಿ ಚೆನ್ನಾಗಿರುವುದನ್ನು ಹಿಡಿದುಕೊಂಡು ಬಂದರು. ಹನ್ನೆರಡು ತಿಂಗಳಿಗೂ ಒಂದೇ 60 ಪರ್ಸೆಂಟ್ ಗುಣ ಇದ್ದರೂ, ಅವುಗಳಲ್ಲಿ ಕನಿಷ್ಠ ಒಂದು ತಿಂಗಳು "ನೂರಕ್ಕೆ ಎಪ್ಪತ್ತು" ತೋರಿಸುವ ಸಾಧ್ಯತೆ ಸುಮಾರು 97 ಪರ್ಸೆಂಟ್. ಅಂದರೆ ಅಂಥ ಒಂದು ತಿಂಗಳು ಸಿಗದಿದ್ದರೇ ಆಶ್ಚರ್ಯ ಪಡಬೇಕು.

ಮೇಷ್ಟ್ರಿಗೆ ಪೂರ್ತಿ ನಂಬಿಕೆ ಬಂದದ್ದು ಇನ್ನೊಂದು ಪ್ರಯೋಗದಿಂದ. ಶೀಟ್‌ನ ಒಂದು ಪ್ರತಿ ಮಾಡಿಕೊಂಡು, ತಿಂಗಳ ಸಂಖ್ಯೆ ಇರುವ ಕಾಲಂನಲ್ಲಿ ನಿಜವಾದ ಸಂಖ್ಯೆಯ ಬದಲು `=RANDBETWEEN(1,12)` ಹಾಕಿದೆ. ಈಗ ಪ್ರತಿ ತಿಂಗಳ ಲಾಭ ನಷ್ಟಕ್ಕೂ ಯಾವುದೋ ಒಂದು ಸುಳ್ಳು ತಿಂಗಳ ಹೆಸರು. ಆದರೂ ಚಾರ್ಟ್‌ನಲ್ಲಿ ಎತ್ತರದ ಹಸಿರು ಕಂಬ ಇದೆ, ಒಂದೆರಡು ಕೆಂಪೂ ಇದೆ. ಶೀಟ್ ಮತ್ತೆ ಲೆಕ್ಕ ಹಾಕಿದಾಗಲೆಲ್ಲ ಹೊಸ "ಒಳ್ಳೆಯ ತಿಂಗಳು" ಹುಟ್ಟುತ್ತದೆ. ನಿಜವಾದ ಚಾರ್ಟ್ ಪಕ್ಕದಲ್ಲಿಟ್ಟರೆ ಯಾವುದು ಅಸಲಿ ಅಂತ ಹೇಳುವುದು ಕಷ್ಟ. ಈ ಪ್ರಯೋಗ ಮಾಡುವ ಬಟನ್ ನಾನು ದುಡ್ಡು ಕೊಟ್ಟ ಆ್ಯಪ್‌ನಲ್ಲಿ ಇರಲಿಲ್ಲ. ನನಗೆ ಶೀಟ್ ಗೆದ್ದದ್ದು ಇಲ್ಲಿಯೇ.

ತಿಂಗಳ ಕೊನೆಯ ಟ್ರೇಡ್ ವಿಷಯದಲ್ಲಿ ನನಗೆ ಸ್ವಲ್ಪ ಗೌರವ ಇದೆ. ಇದು ಗಾಳಿಮಾತಲ್ಲ. ಲಕೋನಿಷೋಕ್ ಮತ್ತು ಸ್ಮಿಟ್ ಅನ್ನುವ ಇಬ್ಬರು ಸಂಶೋಧಕರು 1988ರಲ್ಲಿ ಅಮೆರಿಕದ ಡೌ ಜೋನ್ಸ್ ಇಂಡೆಕ್ಸ್‌ನ ತೊಂಬತ್ತು ವರ್ಷದ ಅಂಕಿ ತೆಗೆದು, ತಿಂಗಳ ಕೊನೆಯ ದಿನ ಮತ್ತು ಮುಂದಿನ ತಿಂಗಳ ಮೊದಲ ಮೂರು ದಿನ ಉಳಿದ ದಿನಗಳಿಗಿಂತ ಚೆನ್ನಾಗಿರುತ್ತವೆ ಅಂತ ತೋರಿಸಿದ್ದರು. ವರ್ಷಕ್ಕೆ ಹನ್ನೆರಡು ಸಲ ಬರುವುದರಿಂದ ಪರೀಕ್ಷಿಸೋಕೆ ಅಂಕಿಗಳೂ ಜಾಸ್ತಿ. ಸಂಬಳ ಬರುತ್ತದೆ, ಎಸ್‌ಐಪಿ ಕಟ್ ಆಗುತ್ತದೆ, ಫಂಡ್‌ಗಳು ಕೊಳ್ಳುತ್ತವೆ ಅನ್ನುವ ಕಾರಣವೂ ಮನಸ್ಸಿಗೆ ಒಪ್ಪುವಂಥದ್ದೇ.

ಆದರೆ ಲಾಭದ ಗಾತ್ರ ನೋಡಿ. ಆ ನಾಲ್ಕು ದಿನ ಸರಾಸರಿ 0.4 ಪರ್ಸೆಂಟ್ ಕೊಡುತ್ತವೆ ಅಂತ ಒಂದು ಉದಾಹರಣೆ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು ಅರ್ಧ, ಮಾರ್ಕೆಟ್ ಯಾವ ನಾಲ್ಕು ದಿನದಲ್ಲಾದರೂ ಕೊಡುವಂಥದ್ದು. ಉಳಿದದ್ದು 0.2. ನಾಲ್ಕು ದಿನದಲ್ಲಿ ಇಂಡೆಕ್ಸ್ ಆಚೀಚೆ 2 ಪರ್ಸೆಂಟ್ ಆಡುವುದು ಮಾಮೂಲು. ಹತ್ತು ವರ್ಷ, 120 ಟ್ರೇಡ್ ಆದ ಮೇಲೂ ಆ ಸರಾಸರಿಯಲ್ಲಿ ಹೆಚ್ಚುಕಮ್ಮಿ 0.18 ಪರ್ಸೆಂಟ್ ಅನುಮಾನ ಉಳಿದಿರುತ್ತದೆ. ಹುಡುಕುತ್ತಿರುವ ಲಾಭವೂ ಅನುಮಾನವೂ ಒಂದೇ ಅಳತೆ.

ಇನ್ನೊಂದು ತೊಡಕು ಎಕ್ಸ್‌ಪೈರಿ, ಅಂದರೆ ಫ್ಯೂಚರ್ಸ್, ಆಪ್ಷನ್ಸ್ ಕರಾರುಗಳು ಮುಗಿಯುವ ದಿನ. 2025ರ ಆಗಸ್ಟ್‌ವರೆಗೆ ನಿಫ್ಟಿಯ ತಿಂಗಳ ಎಕ್ಸ್‌ಪೈರಿ ಕೊನೆಯ ಗುರುವಾರ ಇತ್ತು. 2025ರ ಜುಲೈನಲ್ಲಿ ಅದು 31ಕ್ಕೆ ಬಂತು, ಅಂದರೆ ತಿಂಗಳ ಕೊನೆಯ ದಿನವೇ ಎಕ್ಸ್‌ಪೈರಿ. ಅದರ ಹಿಂದಿನ ತಿಂಗಳು 26ಕ್ಕೇ ಮುಗಿದು, ಇನ್ನೂ ಎರಡು ಟ್ರೇಡಿಂಗ್ ದಿನ ಉಳಿದಿದ್ದವು. ಆ್ಯಪ್ ಎರಡನ್ನೂ "ಕೊನೆಯ ದಿನ" ಅಂತ ಒಂದೇ ಬುಟ್ಟಿಗೆ ಹಾಕುತ್ತದೆ. ಆ ಸೆಪ್ಟೆಂಬರ್‌ನಿಂದ ಎಕ್ಸ್‌ಪೈರಿ ಮಂಗಳವಾರಕ್ಕೆ ಹೋಯಿತು. ಹಳೆಯ ಗುರುವಾರಗಳ ಸರಾಸರಿ ಹೊಸ ಮಂಗಳವಾರಗಳಿಗೆ ಎಷ್ಟು ಅನ್ವಯಿಸುತ್ತದೆ ಅನ್ನುವುದಕ್ಕೆ ಇನ್ನೂ ಸಾಕಷ್ಟು ತಿಂಗಳು ಆಗಿಲ್ಲ.

ಕೈಯಲ್ಲಿ ಟ್ರೇಡ್ ಮಾಡುವಾಗ ಕಂಡದ್ದು ಮತ್ತೂ ಒಂದು. ಚಾರ್ಟ್ ಲೆಕ್ಕ ಹಾಕುವುದು ಕ್ಲೋಸಿಂಗ್ ಬೆಲೆಯಲ್ಲಿ. ಆಗ ಆ ಬೆಲೆ ಕೊನೆಯ ಅರ್ಧ ಗಂಟೆಯ ಸರಾಸರಿಯಿಂದ ಬರುತ್ತಿತ್ತು, ಗೊತ್ತಾಗುತ್ತಿದ್ದದ್ದು ಮಾರ್ಕೆಟ್ ಮುಚ್ಚಿದ ಮೇಲೆ. ನಾನು 3:20ಕ್ಕೆ ಇಟಿಎಫ್ ಕೊಂಡ ಬೆಲೆ ಅದಕ್ಕಿಂತ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಲಾಭವೇ 0.2 ಪರ್ಸೆಂಟ್ ಇರುವ ಕಡೆ ಈ ವ್ಯತ್ಯಾಸ ಸಣ್ಣದಲ್ಲ. ಅದರ ಮೇಲೆ ಟ್ಯಾಕ್ಸ್: ವರ್ಷದೊಳಗೆ ಮಾರಿದರೆ ಲಾಭದ 20 ಪರ್ಸೆಂಟ್. ವರ್ಷ ದಾಟಿ ಮಾರಿದರೆ 1.25 ಲಕ್ಷದವರೆಗಿನ ಲಾಭಕ್ಕೆ ಏನೂ ಇಲ್ಲ, ಆಮೇಲೆ 12.5.

ಹಾಗಾಗಿ ನನ್ನ ಸಂಬಳಕ್ಕೆ, ನನ್ನ ಸಮಯಕ್ಕೆ ಹೊಂದುವ ವ್ಯವಸ್ಥೆ ಇಷ್ಟು. ದುಡ್ಡು ಇಂಡೆಕ್ಸ್ ಫಂಡ್‌ನ ಎಸ್‌ಐಪಿಗೆ ಹೋಗುತ್ತದೆ, ತಿಂಗಳು ಹಸಿರೋ ಕೆಂಪೋ ನೋಡುವುದಿಲ್ಲ. ಶೀಟ್ ಇರುವುದು ಯಾರಾದರೂ "ಈ ತಿಂಗಳು ಏರಲೇಬೇಕು" ಅಂದಾಗ ತೆಗೆದು ನೋಡೋಕೆ. ಬೇರೆ ಕಾರಣಕ್ಕೆ ಟ್ರೇಡ್ ಮಾಡುವವರು, ದಿನವೂ ಹತ್ತಾರು ಇಂಡೆಕ್ಸ್ ನೋಡುವವರು, ಜೊತೆಗೆ ಒಂದು ಮಾಹಿತಿಯಾಗಿ ಆ್ಯಪ್ ಇಟ್ಟುಕೊಂಡರೆ ನನ್ನ ಅಭ್ಯಂತರ ಇಲ್ಲ. ಕೊಳ್ಳುವ ಮೊದಲು ಒಂದು ನೋಡಿಕೊಳ್ಳಿ: ಕಂಬ ಒತ್ತಿದರೆ ವರ್ಷವಾರು ಅಂಕಿ ಬಿಚ್ಚಿ ತೋರಿಸುತ್ತದಾ? ತೋರಿಸದಿದ್ದರೆ ಚಂದಾ ಕಟ್ಟಬೇಡಿ.